ಬ್ಯಾಂಕ್ ಲೋನ್ ನೋಡಿದವರು ಇನ್ಶೂರೆನ್ಸಲ್ಲಿ ಅಂಡರ್‌ರೈಟರ್ ಆಗಬಹುದಾ?

"ಅಕ್ಕಾ, ನಾನು ಗೋಣಿಕೊಪ್ಪದಲ್ಲಿ ಒಂದು ಖಾಸಗಿ ಬ್ಯಾಂಕಿನ ಬ್ರಾಂಚಲ್ಲಿ ಒಂಬತ್ತು ವರ್ಷದಿಂದ ಇದೀನಿ. ಹೆಚ್ಚಾಗಿ ಕಾಫಿ ವ್ಯಾಪಾರಿಗಳ ಲೋನ್ ನೋಡೋದು. ಈಗ ಒಂದು ಜನರಲ್ ಇನ್ಶೂರೆನ್ಸ್ ಕಂಪನಿಯವರು ಮಡಿಕೇರಿಯಲ್ಲಿ ಅಂಡರ್‌ರೈಟರ್ ಕೆಲಸ ಕೊಡ್ತೀವಿ ಅಂತಿದಾರೆ. ಬ್ಯಾಂಕಲ್ಲಿ ರಿಸ್ಕ್ ನೋಡಿದೀರಲ್ಲ, ಇದೂ ಅದೇ ಅಂತಾರೆ. ಗೊತ್ತಿಲ್ಲದ ಲೈನಿಗೆ ಯಾಕೆ ಹೋಗ್ತೀಯ ಅಂತ ಮನೇಲಿ ಯಜಮಾನ್ರು. ನನಗೆ ಈ ಕೆಲಸ ಆಗುತ್ತಾ?"
— ಓದುಗಿ, ಗೋಣಿಕೊಪ್ಪ

ತಂಗಿ, ಆಗುತ್ತೆ, ಆದ್ರೆ "ಇದೂ ಅದೇ" ಅನ್ನೋ ಮಾತನ್ನ ಮಾತ್ರ ನಂಬಬೇಡಿ. ಯಾವ ರಿಸ್ಕ್‌ಗೆ ಪಾಲಿಸಿ ಕೊಡಬಹುದು, ಯಾವ ಷರತ್ತಿನ ಮೇಲೆ ಅಂತ ತೀರ್ಮಾನ ಮಾಡೋದು ಅಂಡರ್‌ರೈಟರ್ ಕೆಲಸ. ಕಾಗದ ಪರಿಶೀಲನೆ, ಕೆವೈಸಿ, ಬ್ಯಾಲೆನ್ಸ್ ಶೀಟ್ ಓದೋದು, ಆಡಿಟ್‌ಗೆ ಉತ್ತರ ಕೊಡೋದು, ಗೋದಾಮಿಗೆ ಹೋಗಿ ಸ್ಟಾಕ್ ನೋಡಿ ಬರೋದು, ಇದೆಲ್ಲ ಎಲ್ಲಿಗೆ ಹೋದ್ರೂ ನಿಮ್ಮ ಜೊತೆ ಬರುತ್ತೆ. ಬರದೇ ಇರೋದು ಆ ಸ್ಟಾಕ್ ನೋಡಿ ಏನು ಯೋಚನೆ ಮಾಡ್ಬೇಕು ಅನ್ನೋದು. ನಾನು ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವಳು, ಬ್ಯಾಂಕಿಂದ ಬಂದವರು ಎಡವಿದ್ದು ಹೆಚ್ಚಾಗಿ ಇಲ್ಲೇ.

ಒಂದು ಲೆಕ್ಕ ಹಾಕೋಣ. ಕುಶಾಲನಗರದಲ್ಲಿ ಒಬ್ಬ ವ್ಯಾಪಾರಿ, ಗೋದಾಮಲ್ಲಿ 80 ಲಕ್ಷದ ಕಾಫಿ ಇದೆ, ಬ್ಯಾಂಕ್ ಲಿಮಿಟ್ 50 ಲಕ್ಷ ಅಂತ ಇಟ್ಕೊಳ್ಳಿ. ಬ್ಯಾಂಕಲ್ಲಿ ಕೂತ ನಿಮಗೆ ಸಾಲ ಸೇಫ್ ಆದ್ರೆ ಸಾಕು ಅನ್ಸುತ್ತೆ, ಹಾಗಾಗಿ 50 ಲಕ್ಷಕ್ಕೆ ಪಾಲಿಸಿ ಮಾಡ್ಸಿ ಫೈಲಿಗೆ ಹಾಕ್ತೀರಿ. ಬೆಂಕಿ ಬಿದ್ದು 16 ಲಕ್ಷದ ಮಾಲು ಹೋಯ್ತು. ನಷ್ಟ 16, ಪಾಲಿಸಿ 50, ಪೂರ್ತಿ ಬರುತ್ತೆ ಅಂತ ನೀವೂ ವ್ಯಾಪಾರಿಗೆ ಹೇಳ್ತೀರಿ. ಬರಲ್ಲ. 80ರ ಮಾಲಿಗೆ 50ಕ್ಕೆ ಮಾತ್ರ ವಿಮೆ ಮಾಡ್ಸಿರೋದ್ರಿಂದ ಉಳಿದ ಭಾಗದ ರಿಸ್ಕ್ ವ್ಯಾಪಾರಿಯದ್ದೇ, ಅದಕ್ಕೆ ನಷ್ಟವನ್ನೂ ಅದೇ ಪ್ರಮಾಣದಲ್ಲಿ ಹಂಚ್ತಾರೆ. 16ನ್ನ 50ರಿಂದ ಗುಣಿಸಿ 80ರಿಂದ ಭಾಗಿಸಿದ್ರೆ 10 ಲಕ್ಷ, ಅದರಲ್ಲೂ ಪಾಲಿಸಿಯ ಎಕ್ಸೆಸ್, ಅಂದ್ರೆ ವ್ಯಾಪಾರಿಯೇ ಹೊರಬೇಕಾದ ಮೊತ್ತ, ಕಳೀತಾರೆ. ಇದಕ್ಕೆ ಆವರೇಜ್ ಕ್ಲಾಜ್ ಅಂತಾರೆ. ಸಣ್ಣ ಉದ್ದಿಮೆಗಳಿಗೆ 2021ರಲ್ಲಿ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ 15% ತನಕ ಕಮ್ಮಿ ಇದ್ರೆ ಮಾಫಿ ಉಂಟು, ಆದ್ರೆ ಇಲ್ಲಿ ಕೊರತೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಆ ಮಾಫಿ ಕೆಲಸಕ್ಕೆ ಬರಲ್ಲ. ವ್ಯಾಪಾರಿಗೆ 6 ಲಕ್ಷ ಹೋಯ್ತು, ಅದೂ ಒಬ್ಬರು ತಪ್ಪು ಅಂಕಿ ಬರೆದಿದ್ದಕ್ಕೆ. ಇದು ನನಗೆ ನಿಜವಾಗ್ಲೂ ಸಂಕಟ ಕೊಡೋ ವಿಷಯ, ಯಾಕಂದ್ರೆ ಪಾಲಿಸಿ ಮಾಡೋ ದಿನ ಒಂದು ಪ್ರಶ್ನೆ ಕೇಳಿದ್ರೆ ತಪ್ಪುತ್ತೆ: ಸುಗ್ಗಿ ಮುಗಿದು ಗೋದಾಮು ತುಂಬಿದಾಗ ಒಟ್ಟು ಮಾಲು ಎಷ್ಟಿರುತ್ತೆ?

ಇನ್ನೊಂದು, ಬ್ಯಾಂಕಲ್ಲಿ ಒಳ್ಳೆ ಪಾರ್ಟಿ ಅಂದ್ರೆ ಕಂತು ತಪ್ಪಿಸದೋನು. ಅದೇ ಮನುಷ್ಯನ ಗೋದಾಮು ಕಾವೇರಿ ದಂಡೆ ಹತ್ರ ತಗ್ಗಲ್ಲಿದ್ರೆ? 2018ರಲ್ಲೂ 2019ರಲ್ಲೂ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದು ನಿಮಗೆ ಗೊತ್ತೇ ಇದೆ. ಅಂಡರ್‌ರೈಟರ್ ಮೊದಲು ನೋಡೋದು ನೆಲದ ಮಟ್ಟ, ವೈರಿಂಗು, ಗೋಣಿಚೀಲ ನೆಲದ ಮೇಲೇ ಇದೆಯಾ ಹಲಗೆ ಮೇಲಿದೆಯಾ, ಹಳೇ ಕ್ಲೇಮ್ ಇದೆಯಾ ಅಂತ. ಆಮೇಲೆ ಮನುಷ್ಯ. ಈ ವಿಷಯದಲ್ಲಿ ನಿಮಗೆ ಅನುಕೂಲ ಜಾಸ್ತಿ, ಹೊರಗಿಂದ ಬಂದ ಅಂಡರ್‌ರೈಟರ್‌ಗೆ ಚೆರಿ ಯಾವುದು ಪಾರ್ಚ್‌ಮೆಂಟ್ ಯಾವುದು, ಯಾವ ತಿಂಗಳಲ್ಲಿ ಮಾಲು ಏರುತ್ತೆ ಅಂತ ಕಲಿಯೋಕೇ ಟೈಮ್ ಬೇಕು. ಹಾಗಾಗಿ ಕಾಫಿ ನಿಮಗೆ ಗೊತ್ತು, ವಿಮೆ ಕಲಿಯೋದು ಬಾಕಿ, ಅಷ್ಟೇ. ಅದಕ್ಕೆ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಲೈಸೆನ್ಶಿಯೇಟ್ ಪರೀಕ್ಷೆ ಇದೆ, ಅದರಲ್ಲಿ IC-01 ಮತ್ತು IC-11 ಪುಸ್ತಕ ಈಗ್ಲೇ ಓದೋಕೆ ಶುರು ಮಾಡಿ, ನಿಮ್ಮ ಬ್ಯಾಂಕಿನವರ ಜೆಎಐಐಬಿ ಪರೀಕ್ಷೆ ಥರಾನೇ ಇರುತ್ತೆ.

ನನಗೆ ನಿಜವಾದ ಅನುಮಾನ ಇರೋದು ನಿಮ್ಮ ಮೇಲಲ್ಲ, ಆ ಹುದ್ದೆ ಮೇಲೆ. ಹೆಸರು ಅಂಡರ್‌ರೈಟರ್, ಒಳಗೆ ಪ್ರೀಮಿಯಂ ಟಾರ್ಗೆಟ್, ಇಂಥದ್ದು ಇರುತ್ತೆ. ಇಂಟರ್‌ವ್ಯೂನಲ್ಲಿ "ನಿಮ್ಮ ಹತ್ರ ಎಷ್ಟು ಪಾರ್ಟಿಗಳಿದಾರೆ, ಎಷ್ಟು ಜನ ಬರ್ತಾರೆ" ಅಂತಲೇ ಜಾಸ್ತಿ ಕೇಳಿದ್ರಾ, ನೆನಪು ಮಾಡ್ಕೊಳ್ಳಿ. ಕೇಳಿದ್ರೆ ಅವರಿಗೆ ಬೇಕಿರೋದು ನಿಮ್ಮ ಗ್ರಾಹಕರು. ಮೊದಲ ವರ್ಷ ಪರಿಚಯದವರು ಪಾಲಿಸಿ ಮಾಡ್ತಾರೆ, ಎರಡನೇ ವರ್ಷ ಹೊಸಬರು ಸಿಗಲ್ಲ, ಆಗ ಕಷ್ಟ ಶುರು. ಮತ್ತೆ ಬ್ಯಾಂಕಿನ ಗ್ರಾಹಕರ ಪಟ್ಟಿಯನ್ನ ಹೊರಗೆ ತರೋದು ತಪ್ಪು, ಯಾರು ಒತ್ತಾಯ ಮಾಡಿದ್ರೂ ತರಬೇಡಿ.

ಅದಕ್ಕೆ ರಾಜೀನಾಮೆ ಕೊಡೋ ಮೊದಲು ಎರಡು ವಿಷಯ ಬರವಣಿಗೆಯಲ್ಲಿ ತಗೊಳ್ಳಿ: ಎಷ್ಟು ಮೊತ್ತದ ತನಕ ಪಾಲಿಸಿ ಒಪ್ಪೋಕೆ ನಿಮಗೆ ಅಧಿಕಾರ, ಅದಕ್ಕಿಂತ ಮೇಲೆ ಯಾವ ಸೀನಿಯರ್‌ಗೆ ಕಳಿಸ್ಬೇಕು ಅನ್ನೋದು ಒಂದು, ನಿಮ್ಮ ಹೆಸರಲ್ಲಿ ಪ್ರೀಮಿಯಂ ಟಾರ್ಗೆಟ್ ಇದೆಯಾ ಅನ್ನೋದು ಇನ್ನೊಂದು. ಅಧಿಕಾರದ ಮಿತಿ ಹೇಳಿ, ಕಲಿಸೋ ಸೀನಿಯರ್ ಇದ್ದು, ಟಾರ್ಗೆಟ್ ಇಲ್ಲ ಅಂದ್ರೆ ಯಜಮಾನ್ರಿಗೆ ಆ ಪತ್ರ ತೋರಿಸಿ, ಹೋಗಿ. ಮಿತಿ ಬಗ್ಗೆ ಏನೂ ಹೇಳದೆ ಟಾರ್ಗೆಟ್ ಮಾತ್ರ ಬರೆದಿದ್ರೆ ಅದು ಸೇಲ್ಸ್ ಕೆಲಸ, ಅದು ಬೇಡ ಅಂತಾದ್ರೆ ಈಗಿರೋ ಬ್ರಾಂಚಲ್ಲೇ ಇದ್ದು ಪರೀಕ್ಷೆ ಮುಗಿಸಿ.