ದುಬೈನಲ್ಲಿ ವೀಸಾ ಮುಗಿದಿದೆಯಾ? ಮೊದಲು ಫೈಲ್ ನೋಡಿಸು

"ಅಣ್ಣಾ, ನಾನು ಗಂಗಾವತಿ ಕಡೆಯವನು. ವಿಸಿಟ್ ವೀಸಾದಲ್ಲಿ ದುಬೈಗೆ ಬಂದೆ, ಅದು ಮುಗಿದು ಏಳು ತಿಂಗಳಾಯ್ತು. ಲೀಗಲ್ ಆಗೋಕೆ ದಾರಿ ಇದೆಯಾ? ಆಫೀಸಿಗೆ ಹೋದ್ರೆ ಹಿಡಿದು ಹಾಕ್ತಾರಾ?"

ತಮ್ಮಾ, ಇಮಿಗ್ರೇಷನ್‌ನವರ ಹತ್ತಿರ ಇರುವ ನಿನ್ನ ಫೈಲ್‌ನಲ್ಲಿ ಏನಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಬರೀ ಓವರ್‌ಸ್ಟೇ ಇದ್ದರೆ ದಿನಕ್ಕೆ 50 ದಿರ್ಹಾಮ್ ದಂಡ. ಏಳು ತಿಂಗಳಿಗೆ ಸುಮಾರು 10,500. ಊರ ಲೆಕ್ಕದಲ್ಲಿ ಎರಡು ಲಕ್ಷದ ಮೇಲಾಯ್ತು. ಜಾಸ್ತಿನೇ, ಆದರೆ ಇದು ಕಟ್ಟಿ ಮುಗಿಸುವ ವಿಷಯ.

ತಲೆನೋವು ಅಂದರೆ ಅಬ್‌ಸ್ಕಾಂಡಿಂಗ್. ವೀಸಾ ತೆಗೆಸಿಕೊಟ್ಟ ಟ್ರಾವೆಲ್ ಏಜೆನ್ಸಿಯವರು, ನೀನು ವಾಪಸ್ ಹೋಗಲಿಲ್ಲ ಅಂತ ನಿನ್ನ ಮೇಲೆ ದೂರು ಹಾಕಿರಬಹುದು. ಸಿಂಧನೂರಿನ ನಮ್ಮ ಹುಡುಗ ಒಬ್ಬನಿಗೆ ಹೀಗೇ ಆಗಿತ್ತು. ಪಾಪ, ಸಾಲ ಮಾಡಿ ದಂಡಕ್ಕೆ ದುಡ್ಡು ಹೊಂದಿಸಿದ್ದ. ಕಟ್ಟೋಕೆ ಹೋದಾಗ ದೂರಿರುವುದು ಗೊತ್ತಾಯ್ತು. ಅದನ್ನು ತೆಗೆಸದೆ ಹೊಸ ವೀಸಾ ಆಗಲ್ಲ ಅಂದರು. ಏಜೆನ್ಸಿಯವನು ವಾಪಸ್ ತೆಗೆಯೋಕೆ ಬೇರೆ ದುಡ್ಡು ಕೇಳಿದ. ಚೌಕಾಸಿ ಮಾಡಿ ಕೊಟ್ಟು, ರಸೀದಿ ಬರೆಸಿಕೊಂಡ.

ಅದಕ್ಕೇ ಮೊದಲ ಸಲ ನೀನೇ ಹೋಗಬೇಡ. ಪಾಸ್‌ಪೋರ್ಟ್, ವೀಸಾ ಪ್ರತಿ ಕೊಟ್ಟು, ಇಲ್ಲಿ ಸರಿಯಾದ ವೀಸಾ ಇರುವ ನಂಬಿಕಸ್ಥರನ್ನು ದುಬೈ ವೀಸಾ ಕೆಲಸ ನೋಡುವ ಅಮೇರ್ ಸೆಂಟರ್‌ಗೆ ಕಳಿಸಿ ವಿಚಾರಿಸು. ವೀಸಾ ದುಬೈದಾಗಿದ್ದರೆ ಅಲ್ಲಿ. ಶಾರ್ಜಾ ಅಥವಾ ಬೇರೆ ಎಮಿರೇಟ್‌ದಾಗಿದ್ದರೆ ಐಸಿಪಿ ಅನ್ನೋ ಕೇಂದ್ರ ಸರ್ಕಾರದ ವೀಸಾ ಇಲಾಖೆಯ ಆಫೀಸು. ಅಲ್ಲೇ ಗೊಂದಲ ಮಾಡಿಕೊಂಡು ಅಲೆಯುವವರು ಬಹಳ.

ಫೈಲ್ ಸ್ವಚ್ಛ ಇದ್ದರೆ ಎರಡು ದಾರಿ. ದಂಡ ಕಟ್ಟಿ ಊರಿಗೆ ಹೋಗಬಹುದು. ಇಲ್ಲಾ, ವರ್ಕ್ ಪರ್ಮಿಟ್ ತೆಗೆಸುವ ಕಂಪನಿ ಸಿಕ್ಕರೆ, ದಂಡ ಕಟ್ಟಿ ಇಲ್ಲಿದ್ದುಕೊಂಡೇ ವಿಸಿಟ್‌ನಿಂದ ಕೆಲಸದ ವೀಸಾಕ್ಕೆ ಸ್ಟೇಟಸ್ ಬದಲಿಸಬಹುದು. "ಮೊದಲು ಕೆಲಸಕ್ಕೆ ಬಾ, ಪೇಪರ್ ಆಮೇಲೆ" ಅನ್ನುವವನ ಹತ್ತಿರ ಹೋಗಬೇಡ. ಪರ್ಮಿಟ್ ಇಲ್ಲದವರನ್ನು ಇಟ್ಟುಕೊಂಡ ಕಂಪನಿಗೆ 2024ರಿಂದ ಕನಿಷ್ಠ ಒಂದು ಲಕ್ಷ ದಿರ್ಹಾಮ್ ದಂಡ. ತಪಾಸಣೆಗೆ ಬಂದರೆ ಅವನು ನಿನ್ನನ್ನು ಗೊತ್ತೇ ಇಲ್ಲ ಅಂತಾನೆ. ನೀನು ಮಾತ್ರ ಡಿಪೋರ್ಟ್ ಆಗ್ತೀಯ.

ಆಮ್ನೆಸ್ಟಿ, ಅಂದರೆ ಸರ್ಕಾರದ ಕ್ಷಮಾದಾನ, ಬರುತ್ತೆ ಅಂತ ರೂಮ್‌ಮೇಟ್‌ಗಳು ಹೇಳ್ತಿರಬಹುದು. 2018ರಲ್ಲಿ ಬಂತು, ಆಮೇಲೆ 2024ರಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ. ಆಗ ದಂಡ ಮನ್ನಾ, ವಾಪಸ್ ಬರೋಕೆ ನಿಷೇಧವೂ ಇರಲಿಲ್ಲ. ನಮ್ಮ ಸಿಂಧನೂರಿನವನು ಒಂದು ವರ್ಷ ತಡೆದಿದ್ದರೆ ದಂಡವೇ ಉಳಿಯುತ್ತಿತ್ತು ಅಂತ ಈಗಲೂ ಗೊಣಗ್ತಾನೆ. ಆದರೆ ಮುಂದಿನದು ಯಾವಾಗ ಅಂತ ಯಾರಿಗೆ ಗೊತ್ತು? ಕಾದಷ್ಟೂ ದಿನಕ್ಕೆ 50 ಓಡ್ತಾನೇ ಇರುತ್ತೆ.

ನಮ್ಮ ಕಾನ್ಸುಲೇಟ್‌ಗೆ ಹೋಗೋಕೆ ಹೆದರಬೇಡ, ಅದು ಪೊಲೀಸ್ ಠಾಣೆಯಲ್ಲ. ದಂಡ ಮನ್ನಾ ಮಾಡೋದು ಮಾತ್ರ ಅವರ ಕೈಯಲ್ಲಿಲ್ಲ. ಪಾಸ್‌ಪೋರ್ಟ್ ಕಳೆದಿದ್ದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ. ಅದು ಊರಿಗೆ ಹೋಗೋಕೆ ಮಾತ್ರ. ಇಲ್ಲೇ ಉಳಿಯಬೇಕಾದರೆ ಪಾಸ್‌ಪೋರ್ಟನ್ನೇ ಕೇಳು.

ಬ್ಯಾಂಕ್ ಸಾಲ, ಚೆಕ್ ಬೌನ್ಸ್ ಅಂತ ಏನಾದರೂ ಕೇಸ್ ಇದ್ದರೆ ಮೊದಲು ವಕೀಲರನ್ನು ನೋಡು. ಅಂಥ ಕೇಸಿನಿಂದ ಟ್ರಾವೆಲ್ ಬ್ಯಾನ್, ಅಂದರೆ ದೇಶ ಬಿಡದಂತೆ ತಡೆ, ಇದ್ದವರನ್ನು ಏರ್‌ಪೋರ್ಟ್‌ನಲ್ಲೇ ನಿಲ್ಲಿಸ್ತಾರೆ. ಈಗ ವೀಸಾ ಪ್ರತಿ ತೆಗೆದು ನೋಡು, ಸ್ಪಾನ್ಸರ್ ಜಾಗದಲ್ಲಿ ಯಾರ ಹೆಸರಿದೆ, ಯಾವ ಎಮಿರೇಟ್ ಅಂತ ಬರೆದಿದೆ? ಅದನ್ನು ಹೇಳು.