ಚಾಕೊಲೇಟಿನ ಮೇಲಿನ ಬಿಳಿ ಬೇರೆ, ಅಂಜೂರದ ಮೇಲಿನ ಬಿಳಿ ಬೇರೆ

“ನಾವು ಸಕಲೇಶಪುರದವರು. ಬೇಸಿಗೆಯಲ್ಲಿ ತಂದಿಟ್ಟ ಚಾಕೊಲೇಟು, ಒಣ ಅಂಜೂರ ಎರಡರ ಮೇಲೂ ಈಗ ಬಿಳಿ ಪುಡಿಯಂತೆ ಏನೋ ಕಟ್ಟಿದೆ. ಬೂಷ್ಟು, ಎಸೆದುಬಿಡು ಎನ್ನುತ್ತಾರೆ ಅತ್ತೆ. ಬರೀ ಕೊಬ್ಬು, ತಿನ್ನಬಹುದು ಎನ್ನುತ್ತಾರೆ ನಮ್ಮ ಯಜಮಾನರು. ಯಾರ ಮಾತು ಸರಿ?”

ಚಾಕೊಲೇಟಿನ ಮಟ್ಟಿಗೆ ಬಹುಪಾಲು ನಿಮ್ಮ ಯಜಮಾನರ ಮಾತೇ ಸರಿ. ಅಂಜೂರದ ಮಟ್ಟಿಗೆ, ಅದೂ ಮಲೆನಾಡಿನ ಮಳೆಗಾಲದಲ್ಲಿ, ನಾನು ನಿಮ್ಮ ಅತ್ತೆಯವರ ಪಕ್ಷ. ಚಿಕ್ಕಮಗಳೂರಿನಲ್ಲಿ ಚಾಕೊಲೇಟ್ ತಯಾರಿಸಿ, ಒಣಹಣ್ಣುಗಳ ಜೊತೆಗೆ ಮಾರುವುದು ನನ್ನ ಕೆಲಸ. ಈ ಪ್ರಶ್ನೆಯನ್ನು ಅಂಗಡಿಗೆ ಬಂದವರು ಪದೇ ಪದೇ ಕೇಳುತ್ತಾರೆ. ಎರಡಕ್ಕೂ ಒಂದೇ ಉತ್ತರ ಕೊಟ್ಟರೆ ಒಳ್ಳೆಯ ಚಾಕೊಲೇಟು ಕಸದ ಬುಟ್ಟಿಗೂ ಕೆಟ್ಟ ಅಂಜೂರ ಮಕ್ಕಳ ಬಾಯಿಗೂ ಹೋಗುತ್ತದೆ. ಆದ್ದರಿಂದ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಬೂಷ್ಟು ಬೆಳೆಯಲು ನೀರು ಬೇಕು. ಗಟ್ಟಿ ಚಾಕೊಲೇಟಿನಲ್ಲಿ ಇರುವುದು ಕೋಕೋ ಬೆಣ್ಣೆ, ಕೋಕೋ ಪುಡಿ, ಸಕ್ಕರೆ, ಕೆಲವದರಲ್ಲಿ ಹಾಲಿನ ಪುಡಿ. ನೀರು ಇಲ್ಲವೆನ್ನುವಷ್ಟು ಕಡಿಮೆ. ಬೂಷ್ಟಿನ ಕಣ ಅದರ ಮೇಲೆ ಬಿದ್ದರೂ ಮೊಳೆಯಲು ತೇವ ಸಿಗುವುದಿಲ್ಲ. ಹಾಗಾದರೆ ಆ ಬಿಳಿ ಎಲ್ಲಿಂದ ಬಂತು? ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಚಾಕೊಲೇಟ್ ಮಾಡುವವರು ಕಾಯಿಸಿ, ತಣಿಸಿ, ಮತ್ತೆ ಸ್ವಲ್ಪ ಬೆಚ್ಚಗೆ ಮಾಡಿ ಹದಗೊಳಿಸುವುದೆಲ್ಲ ಐದನೆಯ ಬಗೆಯ ಹರಳು ಬರಲಿ ಎಂದು. ಹೊಳಪು, ಮುರಿದಾಗ ಬರುವ ಟಕ್ ಎಂಬ ಸದ್ದು, ಬಾಯಲ್ಲಿಟ್ಟ ಕೂಡಲೇ ಕರಗುವ ಗುಣ ಎಲ್ಲವೂ ಆ ಹರಳಿನದು. ಅದು ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಏಪ್ರಿಲ್ ತಿಂಗಳಲ್ಲಿ ಹಾಸನದ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾವು ಇರುತ್ತದೆ. ಅಲ್ಲಿ ಮೆತ್ತಗಾದ ಚಾಕೊಲೇಟು ಮನೆಗೆ ಬಂದು ತನ್ನಷ್ಟಕ್ಕೆ ತಣಿಯುವಾಗ ಹಳೆಯ ಹದ ಉಳಿಯುವುದಿಲ್ಲ. ಕೊಬ್ಬು ಮೇಲಕ್ಕೆ ಬಂದು ಒರಟು ಹರಳುಗಳಾಗಿ ಕೂರುತ್ತದೆ. ನಿಮಗೆ ಕಾಣುವ ಬೂದು ಬಿಳಿ ಅದೇ. ಬಿಸಿ ತಗಲದಿದ್ದರೂ ತಿಂಗಳುಗಟ್ಟಲೆ ಇಟ್ಟಾಗ ಐದನೆಯ ಬಗೆಯ ಹರಳು ನಿಧಾನವಾಗಿ ಆರನೆಯದಕ್ಕೆ ತಿರುಗಿ ಹೀಗೆಯೇ ಮಸುಕು ಬರುತ್ತದೆ. ಒಳಗೆ ಬಾದಾಮಿ, ಗೋಡಂಬಿ ಇರುವ ಚಾಕೊಲೇಟಿನಲ್ಲಿ ಬೀಜದ ಎಣ್ಣೆ ಹೊರಕ್ಕೆ ಜಿನುಗುವುದರಿಂದ ಇದು ಇನ್ನೂ ಬೇಗ ಆಗುತ್ತದೆ.

ನಮ್ಮ ಕಡೆ ಇನ್ನೊಂದು ಬಿಳಿಯೂ ಉಂಟು, ಅದು ಸಕ್ಕರೆಯದು. ಜುಲೈ ತಿಂಗಳಲ್ಲಿ ಫ್ರಿಜ್‌ನಿಂದ ಚಾಕೊಲೇಟು ತೆಗೆದು ಮೇಜಿನ ಮೇಲಿಟ್ಟು ನೋಡಿ, ಸ್ವಲ್ಪ ಹೊತ್ತಿಗೇ ಅದರ ಮೇಲೆ ಇಬ್ಬನಿ ಕೂರುತ್ತದೆ. ಆ ನೀರಿಗೆ ಮೇಲ್ಪದರದ ಸಕ್ಕರೆ ಕರಗುತ್ತದೆ. ನೀರು ಆರಿದ ಮೇಲೆ ಸಕ್ಕರೆ ಒರಟಾಗಿ ಉಳಿದುಕೊಳ್ಳುತ್ತದೆ.

ಎರಡರಲ್ಲಿ ಯಾವುದು ಎಂದು ತಿಳಿಯಲು ಬೆರಳೊಂದು ಸಾಕು. ಬಿಳಿಯ ಮೇಲೆ ಬೆರಳ ತುದಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಸವರಿ. ಕೊಬ್ಬಾದರೆ ಮೈಕಾವಿಗೆ ಕರಗಿ, ಬೆರಳು ಜಿಡ್ಡಾಗಿ, ಕೆಳಗಿನ ಕಂದು ಬಣ್ಣ ಹೊಳೆಯುತ್ತದೆ. ಸಕ್ಕರೆಯಾದರೆ ಒಣಗಿ ತರಿತರಿಯಾಗಿ ತಗಲುತ್ತದೆ, ಉಜ್ಜಿದರೂ ಸುಲಭಕ್ಕೆ ಹೋಗುವುದಿಲ್ಲ, ಆದರೆ ಒಂದು ಹನಿ ನೀರು ಬಿಟ್ಟರೆ ಅಲ್ಲಿ ಮಾತ್ರ ಕರಗುತ್ತದೆ. ಕೊಬ್ಬಿನ ಮೇಲೆ ಬಿಟ್ಟ ನೀರಿನ ಹನಿ ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಗೆ ನಿಂತುಬಿಡುತ್ತದೆ. ಎರಡೂ ತಿನ್ನಲು ಯೋಗ್ಯ. ರುಚಿ ಸ್ವಲ್ಪ ಸಪ್ಪೆ, ಕಚ್ಚಿದರೆ ಮರಳುಮರಳು. ಹಾಗೇ ತಿನ್ನಲು ಬೇಸರವಾದರೆ ಬಿಸಿ ಹಾಲಿಗೆ ಹಾಕಿ, ಅಲ್ಲಿ ಹರಳಿನ ಪ್ರಶ್ನೆಯೇ ಬರುವುದಿಲ್ಲ.

ಚಾಕೊಲೇಟನ್ನು ಎಸೆಯಬೇಕಾದ ಸಂದರ್ಭಗಳೂ ಇವೆ. ಒಳಗೆ ಕೆನೆ, ತೆಂಗಿನ ತುರಿ, ಹಣ್ಣಿನ ತಿರುಳು ತುಂಬಿದ್ದರೆ ನೀರಿಲ್ಲ ಎಂಬ ಮೇಲಿನ ಮಾತು ಅದಕ್ಕೆ ಅನ್ವಯಿಸುವುದಿಲ್ಲ. ಹೊರಮೈ ಎಷ್ಟೇ ಚೆನ್ನಾಗಿದ್ದರೂ ಅಂಥದ್ದನ್ನು ಕತ್ತರಿಸಿ ಒಳಗೆ ನೋಡಬೇಕು. ಇನ್ನು ಮನೆಯಲ್ಲೇ ಚಾಕೊಲೇಟ್ ಮಾಡುವ ಅನೇಕರು ಬಳಸುವುದು ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಸೇರಿಸಿದ ಕಾಂಪೌಂಡನ್ನು. ಅದರಲ್ಲೂ ಬಿಳಿ ಬರುತ್ತದೆ, ಅದೂ ನಿರುಪದ್ರವಿ. ಆದರೆ ನಾಲಗೆಗೆ ಸಾಬೂನಿನ ರುಚಿ ಬಂದರೆ ಆ ಕೊಬ್ಬು ತೇವ ತಗಲಿ ಕೆಟ್ಟಿದೆ ಎಂದರ್ಥ. ಉಗುಳಿ, ಉಳಿದದ್ದನ್ನು ಎಸೆಯಿರಿ.

ಈಗ ಅಂಜೂರ. ನಿಮ್ಮ ಪ್ರಶ್ನೆಯಲ್ಲಿ ನನಗೆ ಆತಂಕ ತಂದದ್ದು ಇದೇ.

ಒಣ ಅಂಜೂರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆ. ಅದರಲ್ಲಿ ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇರುತ್ತವೆ. ಹಣ್ಣು ಇನ್ನಷ್ಟು ಒಣಗಿದಾಗ ಅಥವಾ ತಂಪಿನಲ್ಲಿ ಇಟ್ಟಾಗ ಗ್ಲೂಕೋಸ್ ಮೊದಲು ಹರಳುಗಟ್ಟಿ ಸಿಪ್ಪೆಯ ಮೇಲೆ ಬಿಳಿಯಾಗಿ ಕಾಣುತ್ತದೆ. ಖರ್ಜೂರ, ಒಣದ್ರಾಕ್ಷಿಯಲ್ಲೂ ಇದು ಸಾಮಾನ್ಯ, ಇದರಿಂದ ತೊಂದರೆ ಏನೂ ಇಲ್ಲ. ಕೊಬ್ಬಿನ ಮಾತು ಮಾತ್ರ ಇಲ್ಲಿಗೆ ತರಬೇಡಿ. ಅಂಜೂರದಲ್ಲಿ ಹೊರಬಂದು ಕೂರುವಷ್ಟು ಕೊಬ್ಬು ಇಲ್ಲ. ಅದೇ ಹಣ್ಣಿನಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ನೀರೂ ಇರುತ್ತದೆ. ಸಕ್ಕರೆ ಆ ನೀರನ್ನು ಬಿಗಿಯಾಗಿ ಹಿಡಿದಿಟ್ಟಿರುವುದರಿಂದ ಬೂಷ್ಟಿಗೆ ಸಿಗುವುದಿಲ್ಲ, ಅಷ್ಟೇ. ಹೊರಗಿನ ತೇವ ಸ್ವಲ್ಪ ಸೇರಿದರೂ ಆ ರಕ್ಷಣೆ ಸಡಿಲವಾಗುತ್ತದೆ.

ಹಾಗಾಗಿ ನಾನು ಮೊದಲು ಕೇಳುವುದು ಬಿಳಿ ಯಾವಾಗ ಬಂತು ಎಂದು. ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆಯಲ್ಲೋ ಫ್ರಿಜ್‌ನಲ್ಲಿದ್ದಾಗಲೋ ಬಂದಿದ್ದರೆ ಹೆಚ್ಚಾಗಿ ಸಕ್ಕರೆಯೇ. ಜೂನ್ ನಂತರ, ಮತ್ತೆ ಮತ್ತೆ ತೆರೆಯುವ ಡಬ್ಬಿಯಲ್ಲಿ ಹೊಸದಾಗಿ ಕಂಡಿದ್ದರೆ ಅನುಮಾನಪಡಬೇಕು. ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಸಕ್ಕರೆ. ಸಕಲೇಶಪುರದ, ಮೂಡಿಗೆರೆಯ ಮಳೆಯಲ್ಲಿ ಅಂಜೂರದ ಮೈ ಅಂಟಂಟಾಗುವುದು ಸಹಜ, ಹರಳು ಮೂಡುವುದು ಅಪರೂಪ. ಅಂಟಾದ ಹಣ್ಣಿನ ಮೇಲೆ ಒಣ ಬಿಳಿ ಕೂತಿದೆ ಎಂದರೆ ಅದು ಸಕ್ಕರೆಯಾಗಿರುವ ಸಾಧ್ಯತೆ ಕಡಿಮೆ.

ಹೋದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ತೋಟದವರೊಬ್ಬರು ಹಾರದಂತೆ ದಾರಕ್ಕೆ ಪೋಣಿಸಿದ ಅಂಜೂರವನ್ನು ಸ್ಟೀಲ್ ಡಬ್ಬಿಯ ಸಮೇತ ತಂದಿದ್ದರು. ಹೊರಗಿನ ಹಣ್ಣುಗಳ ಮೇಲೆ ಬಿಳಿ ಸಮನಾಗಿ, ತೆಳ್ಳಗೆ, ಮಡಿಕೆಗಳ ಗೆರೆಯಲ್ಲಿ ಹೆಚ್ಚಾಗಿ ಕೂತಿತ್ತು. ಕಾಫಿಯ ಕಾಯಿಕೊರಕ ನೋಡಲು ಅವರು ಇಟ್ಟುಕೊಂಡಿದ್ದ ಹತ್ತು ಪಟ್ಟಿನ ಭೂತಗನ್ನಡಿಯಲ್ಲೇ ನೋಡಿದೆವು. ಚೂಪು ಅಂಚಿನ, ಬೆಳಕಿಗೆ ಮಿನುಗುವ ಕಣಗಳು. ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಒಂದನ್ನು ಬಿಟ್ಟಾಗ ಕೆಲವೇ ನಿಮಿಷಗಳಲ್ಲಿ ಬಿಳಿ ಪೂರ್ತಿ ಕರಗಿ, ಕಂದು ಸಿಪ್ಪೆ ಸ್ವಚ್ಛವಾಯಿತು. ಅಲ್ಲಿಗೆ ಅವರು ಸಮಾಧಾನಪಟ್ಟರು. ನಾನು ಹಾರದ ನಡುವಿನ ಹಣ್ಣುಗಳನ್ನು ಬಿಡಿಸಿ ನೋಡೋಣ ಎಂದೆ. ಒಂದಕ್ಕೊಂದು ಒತ್ತಿಕೊಂಡಿದ್ದ ಜಾಗದಲ್ಲಿ, ದಾರ ಒಳಹೊಕ್ಕ ತೂತಿನ ಸುತ್ತ, ಬಿಳಿ ಚುಕ್ಕೆ ಚುಕ್ಕೆಯಾಗಿ ಉಬ್ಬಿತ್ತು. ಭೂತಗನ್ನಡಿಯಲ್ಲಿ ಹರಳು ಕಾಣಲಿಲ್ಲ, ಹತ್ತಿಯ ಎಳೆಗಳಂಥ ಹೆಣಿಗೆ ಕಂಡಿತು. ಒಂದು ಚುಕ್ಕೆಯ ನಡುವೆ ಆಗಲೇ ಹಸಿರು ಛಾಯೆ. ನೀರಿಗೆ ಬಿಟ್ಟರೆ ಅದು ಕರಗಲಿಲ್ಲ. ಒದ್ದೆಯಾಗಿ ಸಿಪ್ಪೆಗೆ ಅಂಟಿಕೊಂಡಿತು, ನೀರಿನಿಂದ ಮುಗ್ಗಲು ವಾಸನೆ ಬಂತು. ಅದೇ ಹಣ್ಣನ್ನು ಸೀಳಿದಾಗ ಬೀಜಗಳ ನಡುವೆ ಕಪ್ಪು ಮಸಿಯಂಥ ಪುಡಿ ಇತ್ತು. ಅಂಜೂರದ ಟೊಳ್ಳಿನೊಳಗೆ ಕಪ್ಪು ಬೂಷ್ಟು ಕೂರುವುದು ತಿಳಿದ ಸಂಗತಿ, ಹೊರಗಿನಿಂದ ಅದರ ಸುಳಿವೂ ಸಿಗದಿರಬಹುದು. ಆ ಹಾರದಲ್ಲಿ ಚೆನ್ನಾಗಿದ್ದ ಹಣ್ಣುಗಳೂ ಇದ್ದವು. ಆದರೂ ಇಡೀ ಹಾರವನ್ನು ಎಸೆಯಲು ಹೇಳಿದೆ, ಅವರೂ ಒಪ್ಪಿದರು.

ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ತೊಳೆದು ಪಾಯಸಕ್ಕೆ ಹಾಕಿದರಾಗದೇ ಎಂದು ಅವರ ಮನೆಯವರು ಕೇಳಿದ್ದರು. ಆಗುವುದಿಲ್ಲ. ಮೆತ್ತನೆಯ ಹಣ್ಣಿನಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವ ಚುಕ್ಕೆಗಿಂತ ಆಳಕ್ಕೆ ಇಳಿದಿರುತ್ತವೆ. ಕೆಲವು ಜಾತಿಯ ಬೂಷ್ಟುಗಳು ಅಂಜೂರದಲ್ಲೂ ಕಡಲೆಕಾಯಿಯಲ್ಲೂ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಯಕೃತ್ತಿಗೆ ಹಾನಿ ಮಾಡುವಂಥದ್ದು. ಬಿಸಿಲಿಗೆ ಹಾಕಿದರೂ, ಕುದಿಸಿದರೂ, ತುಪ್ಪದಲ್ಲಿ ಹುರಿದರೂ ಬೂಷ್ಟು ಸಾಯಬಹುದು, ಅದು ಬಿಟ್ಟ ವಿಷ ಪೂರ್ತಿ ಹೋಗುವುದಿಲ್ಲ. ಎಲ್ಲ ಬೂಷ್ಟೂ ಆ ವಿಷ ಮಾಡುವುದಿಲ್ಲ ನಿಜ, ಆದರೆ ಯಾವುದು ಮಾಡುತ್ತದೆ ಎಂಬುದನ್ನು ಅಡುಗೆಮನೆಯಲ್ಲಿ ಕಂಡುಹಿಡಿಯಲು ದಾರಿಯಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ತನ್ನಿ. ಹಣ್ಣನ್ನು ಮೂಗಿಗೆ ಒತ್ತಿ ಮೂಸಬೇಡಿ, ಬೂಷ್ಟಾಗಿದ್ದರೆ ಅದರ ಕಣಗಳು ಉಸಿರಿನ ಜೊತೆ ಒಳಹೋಗುತ್ತವೆ. ಮನೆಯಲ್ಲಿ ಉಬ್ಬಸದವರಿದ್ದರೆ ಇನ್ನೂ ಜಾಗ್ರತೆ. ಹಣ್ಣುಗಳು ಅಂಟಿಕೊಂಡಿರುವ ಜಾಗದಿಂದ, ಡಬ್ಬಿಯ ತಳದಿಂದ ಎರಡು ಮೂರು ತೆಗೆಯಿರಿ. ಮೇಲಿನದನ್ನೇ ನೋಡಿ ತೀರ್ಮಾನಿಸಬೇಡಿ. ಬೆಚ್ಚನೆಯ ನೀರಿಗೆ ಬಿಟ್ಟು ನೋಡಿ, ಆಮೇಲೆ ಪ್ರತಿಯೊಂದನ್ನೂ ಸೀಳಿ. ಬಿಳಿ ಪೂರ್ತಿ ಕರಗಿ, ಒಳಗೆ ಹೊಂಬಣ್ಣದ ತಿರುಳು, ಹಳದಿ ಬೀಜ ಇದ್ದರೆ ಬಳಸಬಹುದು, ಆದರೂ ತಿನ್ನುವ ಮುನ್ನ ಪ್ರತಿ ಹಣ್ಣನ್ನೂ ಹೀಗೆಯೇ ಸೀಳಿ ನೋಡಿ. ಒಂದರಲ್ಲಿ ಎಳೆಯೋ ಹಸಿರೋ ಕಪ್ಪೋ ಕಂಡರೂ ಡಬ್ಬಿ ಖಾಲಿ ಮಾಡಿ, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಕತ್ತರಿಸಿದ ಖರ್ಜೂರಕ್ಕೆ ಈ ಪರೀಕ್ಷೆ ಮಾಡುವಾಗ ಒಂದು ವಿಷಯ ನೆನಪಿರಲಿ. ಅಂಟದಿರಲೆಂದು ಅದಕ್ಕೆ ಹಿಟ್ಟು ಉದುರಿಸಿರುವುದುಂಟು, ಆಗ ನೀರು ಹಾಲಿನಂತೆ ಕದಡುತ್ತದೆ. ಅದು ಬೂಷ್ಟಲ್ಲ, ಪೊಟ್ಟಣದ ಮೇಲೆ ಹಿಟ್ಟಿನ ಹೆಸರು ಬರೆದಿರುತ್ತದೆ.

ಬಾದಾಮಿ, ಗೋಡಂಬಿ, ಆಕ್ರೋಟಿಗೆ ಇದ್ಯಾವ ವಿನಾಯಿತಿಯೂ ಇಲ್ಲ. ಅವುಗಳಲ್ಲಿ ಹರಳುಗಟ್ಟುವಷ್ಟು ಸಕ್ಕರೆ ಇಲ್ಲ, ಅವುಗಳ ಎಣ್ಣೆ ಗಟ್ಟಿಯಾಗಿ ಬಿಳಿ ಕೂರುವುದೂ ಇಲ್ಲ. ಅವುಗಳ ಮೇಲೆ ಬಿಳಿ ಎಳೆ ಕಂಡರೆ ಬೂಷ್ಟು ಇಲ್ಲವೇ ಹುಳು ನೇಯ್ದ ಬಲೆ, ಎರಡೂ ತಿನ್ನುವಂಥದ್ದಲ್ಲ.

ಮುಂದಿನ ಮಳೆಗಾಲಕ್ಕೆ ಮೇ ತಿಂಗಳಲ್ಲೇ ಅಂಜೂರವನ್ನು ಒಂದು ವಾರಕ್ಕೆ ಸಾಕಾಗುವಷ್ಟರ ಸಣ್ಣ ಸಣ್ಣ ಡಬ್ಬಿಗಳಿಗೆ ಹಂಚಿ, ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿಡಿ. ಚಾಕೊಲೇಟಿಗೂ ಹಾಗೆಯೇ ಮಾಡಬಹುದು. ಡಬ್ಬಿ ಹೊರತೆಗೆದ ಮೇಲೆ ತಕ್ಷಣ ಮುಚ್ಚಳ ತೆಗೆಯಬೇಡಿ. ಒಳಗಿನದು ಕೋಣೆಯ ಹವೆಗೆ ಬರುವ ತನಕ, ಒಂದೆರಡು ಗಂಟೆ, ಮುಚ್ಚಿಯೇ ಇರಲಿ. ಇಬ್ಬನಿ ಡಬ್ಬಿಯ ಹೊರಮೈ ಮೇಲೆ ಕೂರುತ್ತದೆ, ಬಟ್ಟೆಯಲ್ಲಿ ಒರೆಸಿ ಆಮೇಲೆ ತೆರೆಯಿರಿ.