ಕಣ್ಣಿನ ಚಿತ್ರ ಒತ್ತಿದರೆ ಕಾಣುವ ಪಾಸ್‌ವರ್ಡ್

"ರೂಟರಿನ ಅಡ್ಮಿನ್ ಪುಟದಲ್ಲಿ ಕಣ್ಣಿನ ಚಿತ್ರ ಒತ್ತಿದರೆ ನನ್ನ ವೈಫೈ ಪಾಸ್‌ವರ್ಡ್ ಇದ್ದ ಹಾಗೆಯೇ ಕಾಣಿಸುತ್ತದೆ. ಪಾಸ್‌ವರ್ಡನ್ನು ಹಾಗೆ ಉಳಿಸಿಡಬಾರದು ಎಂದು ಓದಿದ್ದೆ. ಇದು ರೂಟರಿನ ದೋಷವೇ? ಯಾರೆಲ್ಲ ನೋಡಬಹುದು?"

ದೋಷವಲ್ಲ. ನೀವು ಓದಿದ್ದು ಜಾಲತಾಣಗಳ ಲಾಗಿನ್‌ಗೆ ಸಲ್ಲುವ ಮಾತು. ಅಲ್ಲಿ ನೀವು ಪಾಸ್‌ವರ್ಡನ್ನೇ ಆ ಕಡೆಗೆ ಕಳುಹಿಸುತ್ತೀರಿ. ಬಂದದ್ದನ್ನು ಅವರು ಅರೆದು, ಮೊದಲೇ ಅರೆದಿಟ್ಟದ್ದರ ಜೊತೆ ತಾಳೆ ನೋಡುತ್ತಾರೆ. ಚಟ್ನಿಯಿಂದ ಮತ್ತೆ ತೆಂಗಿನಕಾಯಿ ಮಾಡಲಾಗದಿರುವುದರಿಂದ, ಅರೆದದ್ದನ್ನಷ್ಟೇ ಇಟ್ಟುಕೊಂಡರೆ ಅವರ ಕೆಲಸ ನಡೆಯುತ್ತದೆ.

ವೈಫೈಯಲ್ಲಿ ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ. ಮನೆಗಳಲ್ಲಿ ಸಾಮಾನ್ಯವಾಗಿರುವ WPA2 ವಿಧಾನದಲ್ಲಿ, ಮೊಬೈಲ್ ಮತ್ತು ರೂಟರ್ ಎರಡೂ ತಮ್ಮ ತಮ್ಮಲ್ಲೇ ಪಾಸ್‌ವರ್ಡನ್ನೂ ವೈಫೈ ಹೆಸರನ್ನೂ ಸೇರಿಸಿ 4096 ಸುತ್ತು ಲೆಕ್ಕ ಹಾಕಿ 256 ಬಿಟ್‌ಗಳ ಒಂದು ಕೀಲಿ ಮಾಡಿಕೊಳ್ಳುತ್ತವೆ. ಆಮೇಲೆ, ಆ ಕೀಲಿ ತನ್ನ ಬಳಿ ಇದೆ ಎಂದು ಒಂದಕ್ಕೊಂದು ತೋರಿಸಿಕೊಡುತ್ತವೆ, ಕೀಲಿಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಹೀಗಾಗಿ ಗುಟ್ಟು ಎರಡೂ ಕಡೆ ಇರಲೇಬೇಕು. ಪಾಸ್‌ವರ್ಡ್ ಬಿಸಾಡಿ ಕೀಲಿಯನ್ನಷ್ಟೇ ಇಟ್ಟುಕೊಳ್ಳಬಹುದಲ್ಲ ಎಂದರೆ, ಇಟ್ಟುಕೊಳ್ಳಬಹುದು. ಆದರೆ ಕದ್ದವನಿಗೆ ನಿಮ್ಮ ವೈಫೈ ಒಳಗೆ ಬರಲು ಆ ಕೀಲಿಯೇ ಸಾಕು. ಮೇಲಾಗಿ ವೈಫೈ ಹೆಸರು ಬದಲಿಸಿದ ದಿನ ಕೀಲಿಯೂ ಬದಲಾಗುತ್ತದೆ, ಆಗ ಪಾಸ್‌ವರ್ಡ್ ಮತ್ತೆ ಬೇಕಾಗುತ್ತದೆ.

ಪುಟದಲ್ಲಿ ಕಾಣುವ ಚುಕ್ಕೆಗಳನ್ನೂ ಹೆಚ್ಚು ನಂಬಬೇಡಿ. ಎಷ್ಟೋ ರೂಟರ್‌ಗಳಲ್ಲಿ ಪುಟದ ಮೂಲ ತೆರೆದರೆ ಇಂಥ ಸಾಲು ಸಿಗುತ್ತದೆ:

```
<input type="password" value="bangude-saaru-27">
```

ಚುಕ್ಕೆಗಳು ಹಿಂದೆ ನಿಂತು ಇಣುಕುವವರಿಗಷ್ಟೇ ಅಡ್ಡಿ. ಪುಟ ತೆರೆಯಲು ಸಾಧ್ಯವಾದವನಿಗೆ ಪಾಸ್‌ವರ್ಡ್ ಸಿಕ್ಕಿದಂತೆಯೇ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು.

ಮಣಿಪಾಲದಲ್ಲಿ ನನ್ನ ಚಿಕ್ಕಮ್ಮ ಮಹಡಿಯನ್ನು ಮೂವರು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅವರ ಗೆಳೆಯರೆಲ್ಲ ವೈಫೈಗೆ ಸೇರಿಕೊಂಡು ಸಂಜೆಯಾದರೆ ಧಾರಾವಾಹಿಯೂ ಓಡದಂತಾದಾಗ ಚಿಕ್ಕಮ್ಮ ನನ್ನಿಂದ ಪಾಸ್‌ವರ್ಡ್ ಬದಲಾಯಿಸಿ, ಮನೆಯವರಿಗಷ್ಟೇ ಹೇಳಿದರು. ರಾತ್ರಿ ಊಟದ ಹೊತ್ತಿಗೆ ಮೇಲಿನವರ ಮೊಬೈಲ್‌ಗಳು ಪಟ್ಟಿಯಲ್ಲಿ ಮತ್ತೆ ಹಾಜರು. "ನೀನೇ ಹೇಳಿರಬೇಕು ಮಾರಾಯ" ಎಂದು ನನ್ನ ಮೇಲೆಯೇ ಗುಮಾನಿ.

ಮೇಲೆ ಹೋಗಿ ನೋಡಿದರೆ, ಹಿಂದೆ ಯಾವಾಗಲೋ ರೂಟರಿನಿಂದ ಎಳೆದಿದ್ದ ಕೇಬಲ್ ಒಬ್ಬನ ಲ್ಯಾಪ್‌ಟಾಪಿಗೆ ಸಿಕ್ಕಿಸಿತ್ತು. ಕೇಬಲ್‌ನಲ್ಲಿ ಬರುವವನಿಗೆ ವೈಫೈ ಪಾಸ್‌ವರ್ಡಿನ ಹಂಗೇ ಇಲ್ಲ. 192.168.1.1 ಎಂದು ಬರೆದು, ಲಾಗಿನ್ ಕೇಳಿದಲ್ಲಿ admin, ಪಾಸ್‌ವರ್ಡಿಗೂ admin ಎಂದು ಕೊಟ್ಟು, ಕಣ್ಣಿನ ಚಿತ್ರ ಒತ್ತಿದ್ದ, ಅಷ್ಟೇ. ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ. ತಪ್ಪು ನನ್ನದು: ವೈಫೈ ಪಾಸ್‌ವರ್ಡ್ ಬದಲಿಸಿದ ನಾನು ಅಡ್ಮಿನ್ ಪಾಸ್‌ವರ್ಡನ್ನು ಪೆಟ್ಟಿಗೆಯಿಂದ ಬಂದಂತೆಯೇ ಬಿಟ್ಟಿದ್ದೆ.

ಅಡ್ಮಿನ್ ಪುಟಕ್ಕೆ ಹೋದವನು ಪಾಸ್‌ವರ್ಡನ್ನು ಬದಲಿಸಲೂ ಬಹುದು, ಹಾಗಿದ್ದ ಮೇಲೆ ಮರೆಮಾಡಿ ಏನು ಲಾಭ ಎಂದು ಕೆಲವರು ಕೇಳುತ್ತಾರೆ. ನನಗೆ ಇವೆರಡೂ ಒಂದೇ ಅನ್ನಿಸುವುದಿಲ್ಲ. ಬದಲಿಸಿದರೆ ಮನೆಯ ಎಲ್ಲ ಮೊಬೈಲ್‌ಗಳೂ ಒಮ್ಮೆಲೇ ಕಳಚಿಕೊಂಡು ಗುಟ್ಟು ರಟ್ಟಾಗುತ್ತದೆ. ಸುಮ್ಮನೆ ನೋಡಿ ಹೋದರೆ ಯಾರಿಗೂ ತಿಳಿಯುವುದಿಲ್ಲ.

ಹಾಗಾಗಿ ಪುಟವನ್ನು ನೋಡಬೇಕಾದವರು ರೂಟರನ್ನು ನೋಡಿಕೊಳ್ಳುವ ಒಬ್ಬರೋ ಇಬ್ಬರೋ ಮಾತ್ರ. ಅಡ್ಮಿನ್ ಪಾಸ್‌ವರ್ಡ್ ವೈಫೈಯದ್ದಕ್ಕಿಂತ ಬೇರೆಯೇ ಇರಲಿ. ವೈಫೈ ಪಾಸ್‌ವರ್ಡನ್ನು ನಿಮ್ಮ ಇಮೇಲಿಗಾಗಲಿ ಬ್ಯಾಂಕಿಗಾಗಲಿ ಬಳಸಬೇಡಿ. ರೂಟರಿನ ಸೆಟ್ಟಿಂಗ್‌ಗಳ ಬ್ಯಾಕಪ್ ಕಡತದಲ್ಲೂ ಅದು ಓದುವಂತೆಯೇ ಇರಬಹುದು, ರಿಪೇರಿಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಮುನ್ನ ನೆನಪಿರಲಿ. ಇನ್ನು ಈಗಾಗಲೇ ವೈಫೈಗೆ ಸೇರಿರುವವರಿಂದ ಅದನ್ನು ಬಚ್ಚಿಡುವ ಆಸೆ ಬಿಡಿ. ಅವರ ಮೊಬೈಲೇ ಅದನ್ನು ಕ್ಯೂಆರ್ ಚಿತ್ರವಾಗಿ ತೋರಿಸುತ್ತದೆ, ಗೆಳೆಯರ ದಂಡು ಮೊದಲು ಬಂದದ್ದು ಆ ದಾರಿಯಿಂದಲೇ.

ಚಿಕ್ಕಮ್ಮನ ಮನೆಯಲ್ಲಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ವೈಫೈಯದ್ದನ್ನೂ ಇನ್ನೊಮ್ಮೆ ಬದಲಿಸಿ, ಮಹಡಿಯವರಿಗೆ ಪ್ರತ್ಯೇಕ ಅತಿಥಿ ವೈಫೈ ತೆರೆದೆ. ಅದಕ್ಕೆ ನನ್ನ ಮೊಬೈಲ್ ಸೇರಿಸಿ 192.168.1.1 ತೆರೆಯಲು ನೋಡಿದೆ. ಪುಟ ಬರಲಿಲ್ಲ. ನಿಮ್ಮಲ್ಲಿ ಬಂದರೆ ಆ ಅತಿಥಿ ವೈಫೈ ಹೆಸರಿಗಷ್ಟೇ ಬೇರೆ ಎಂದು ತಿಳಿಯಿರಿ. ಕೇಬಲನ್ನು ಕೀಳಲಿಲ್ಲ, ಪರೀಕ್ಷೆ ಹತ್ತಿರವಿತ್ತು ಪಾಪ. ಅದರಲ್ಲಿ ಲಾಗಿನ್ ಪುಟ ಈಗಲೂ ತೆರೆಯುತ್ತದೆ, ಆದರೆ admin ಎಂದರೆ ಬಾಗಿಲು ತೆಗೆಯುವುದಿಲ್ಲ.